ಸೀರೆ ಅಂಗಡಿಗೆ ಎಐ ಡಿಸೈನ್ ಒಪ್ಪಿಸಿದ್ದು: ನನ್ನ ಅನುಭವ

ಎಐ ಚಿತ್ರ ಅಂದರೆ ಸೀರೆ ಅಂಗಡಿಯವರು ಬಗ್ಗುವುದಿಲ್ಲ, ಮೂರು ಡಿಸೈನ್ ಒಟ್ಟಿಗೆ ಇಟ್ಟರಂತೂ ಇದರ ದೀಪ ಅದರ ಹುಡುಗಿ ಅಂತ ಕಲಸಿಬಿಡುತ್ತಾರೆ ಎಂದು ನಮ್ಮ ಬ್ಯಾನರ್ ಡಿಸೈನ್ ಲೈನಿನವರೇ ಹೇಳುತ್ತಿದ್ದರು. ದೀಪಾವಳಿಗೆ ಇಳಕಲ್ ಸೀರೆ ಅಂಗಡಿಯೊಂದಕ್ಕೆ ಮೂರನ್ನೂ ಇಟ್ಟು, ಒಂದೇ ಕೂತಲ್ಲಿ ಸಹಿ ಹಾಕಿಸಿಕೊಂಡೆ.

ಮೊಬೈಲಿನಲ್ಲಿ ತೋರಿಸಬಾರದು. ಎ4 ಕಲರ್ ಪ್ರಿಂಟ್ ತೆಗೆದು, ಬದಲಾಗುವ ಭಾಗಕ್ಕೆ ಹಸಿರು ಪೆನ್ನಿನಲ್ಲೂ ಬದಲಾಗದ್ದಕ್ಕೆ ಕೆಂಪಿನಲ್ಲೂ ಮೊದಲೇ ಗೆರೆ ಎಳೆದಿರಬೇಕು. ನನ್ನ ಮೂರು: ರಂಗೋಲಿ ಮುಂದೆ ನಿಂತ ಹೆಂಗಸು, ಕೈಮಗ್ಗ, ಮಡಚಿಟ್ಟ ಸೀರೆಗಳ ಪಕ್ಕ ದೊಡ್ಡ ಆಫರ್.

ಸಾವಕಾರರು ಮೊದಲು ನೋಡಿದ್ದೇ ಸೆರಗು. "ತಮ್ಮಾ, ಇದು ಟೋಪ ತೆನಿ ಅಲ್ಲಲ್ಲೋ." ನಿಜ. ಇಳಕಲ್ ಸೆರಗಿನಲ್ಲಿ ಕೆಂಪು ಪಟ್ಟಿಯ ನಡುವೆ ಬಿಳಿ ತೆನೆ ಬರಬೇಕಾದಲ್ಲಿ ಎಐ ಬನಾರಸಿ ಥರ ಜರಿ ಬಳ್ಳಿ ಎಳೆದಿತ್ತು. ಎಷ್ಟು ಬರೆದು ತಿಳಿಸಿದರೂ ಅದು ಕೂರಲಿಲ್ಲ, ಹಾಗೇ ಹಾಕಿದರೆ ಗಿರಾಕಿ ಬಂದು ಇಲ್ಲದ ಸೀರೆ ಕೇಳುತ್ತಾರೆ. "ಸೆರಗು ನಿಮ್ಮ ಅಂಗಡಿ ಸೀರೆದ ಫೋಟೋನ ಹಾಕ್ತೀನ್ರಿ, ಇಲ್ಲಿರೋದು ಬರೀ ಜಾಗ" ಎಂದೆ. ಅರ್ಧ ಅನುಮಾನ ಅಲ್ಲೇ ಹೋಯಿತು.

ಅದಕ್ಕೇ ಹೆಂಗಸನ್ನು ಬೆನ್ನು ತಿರುಗಿಸಿ ನಿಲ್ಲಿಸಿದ್ದೆ. ಸೆರಗು ಪೂರ್ತಿ ಕಾಣುತ್ತದೆ, ಮುಖದ ತಾಪತ್ರಯವೂ ಇಲ್ಲ. ಬ್ಯಾನರಿಗೊಂದು ಹ್ಯಾಂಡ್‌ಬಿಲ್ಲಿಗೊಂದು ಬೇರೆ ಬೇರೆ ತೆಗೆಸಿ ನೋಡಿದ್ದೇನೆ, ಮುಖವಿದ್ದಾಗ ಅಕ್ಕತಂಗಿಯರ ಹಾಗೆ ಬರುತ್ತಿದ್ದವು, ಒಬ್ಬಳೇ ಅನ್ನಿಸುತ್ತಿರಲಿಲ್ಲ. ಫೋಟೋದ ಸೆರಗಿಗೆ ದೀಪದ ಬೆಳಕು ಹೊಂದಿಸುವ ಕೈಚಳಕ ಮಾತ್ರ ಇಲ್ಲಿ ಬಿಚ್ಚಿಡಲ್ಲ, ಹೊಟ್ಟೆಪಾಡು.

ಆಮೇಲೆ ಬಂತು ನಿರೀಕ್ಷಿಸಿದ್ದೇ: "ಮಗ್ಗದ ಮುಂದ ಈಕಿನ್ನ ನಿಂದರಸು." ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಸೋಮಾರಿತನ ಅನ್ನುತ್ತಾರೆ. ಎರಡೂ ಹಾಳೆ ಅಕ್ಕಪಕ್ಕ ಇಟ್ಟು ನೆರಳು ತೋರಿಸಿದೆ. ಇಲ್ಲಿ ಹಣತೆಯ ಬೆಳಕು ಕೆಳಗಿನಿಂದ, ಅಲ್ಲಿ ಕಿಟಕಿಯ ಬೆಳಕು ಬಲದಿಂದ. ಕತ್ತರಿಸಿ ಅಂಟಿಸಿದರೆ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ಕೈ ಸ್ವಲ್ಪ ಮೇಲೆತ್ತು ಎಂದರೂ ಹಾಗೇ: ತಿದ್ದಿಸಹೋದರೆ ಬೆರಳು, ಬಳೆ, ನೆರಿಗೆ ಯಾವುದಾದರೊಂದು ಅದರ ಜೊತೆ ಹೊಸದಾಗುವುದುಂಟು.

ಅಕ್ಷರ ಪೂರ್ತಿ ಹಸಿರು. ಚಿತ್ರದೊಳಗೆ 'ಹಬ್ಬ' ಬರೆಸಿದರೆ ಒತ್ತಕ್ಷರ ಮುರಿದೇ ಬರುತ್ತಿತ್ತು, ಹಾಗಾಗಿ ಕನ್ನಡವೆಲ್ಲ ಬೇರೆ ಲೇಯರಿನಲ್ಲಿ ನಾನೇ ಕೂರಿಸುತ್ತೇನೆ.

ಅಳತೆಯನ್ನೂ ಮೊದಲೇ ಹೇಳಬೇಕು. 1024 ಪಿಕ್ಸೆಲ್ ಚಿತ್ರವನ್ನು 10 ಅಡಿಗೆ ಹಿಗ್ಗಿಸಿದರೆ ಇಂಚಿಗೆ ಎಂಟೂವರೆ ಪಿಕ್ಸೆಲ್ ಉಳಿಯುತ್ತದೆ. ರಸ್ತೆಯಾಚೆಗೆ ನಡೆದೀತು, ಬಾಗಿಲ ಪಕ್ಕ ನಡೆಯದು. ಅಪ್‌ಸ್ಕೇಲ್ ಮಾಡಿದರೆ ಅಂಚು ಚೂಪಾಗುತ್ತದೆ, ಆದರೆ ನೇಯ್ಗೆಯನ್ನು ಅದು ತನಗೆ ತೋಚಿದಂತೆ ಕಟ್ಟುತ್ತದೆ. ಸೆರಗಿನ ಫೋಟೋವನ್ನು ಆಮೇಲೇ ಕೂರಿಸಬೇಕು.

ರಂಗೋಲಿಯದೇ ಆಯ್ಕೆಯಾಯಿತು. ಮೂರು ಸೇರಿ ಆರು ಸಾವಿರದ ಆಸುಪಾಸು, ಅರ್ಧ ಮುಂಗಡ. ಸಹಿ ಹಾಕಿಸಿದ್ದು ಅದೇ ಗೆರೆ ಎಳೆದ ಹಾಳೆಯ ಮೇಲೆ: ಹಸಿರಿನದು ಪ್ರಿಂಟಿನ ಹಿಂದಿನ ದಿನದವರೆಗೂ ಪುಕ್ಕಟೆ, ಕೆಂಪು ಮುಟ್ಟಿದರೆ ಹೊಸ ಚಿತ್ರದ ದುಡ್ಡು.