ಟ್ರಯಲ್ ಮೇಕಪ್ ಫೋಟೊ: ಮುಖ ಒಂದೇ ಅಲ್ಲ, ಕುತ್ತಿಗೆಯನ್ನೂ ನೋಡಿ

ಪಾರ್ಲರ್‌ನ ರಿಂಗ್ ಲೈಟ್ ಮುಂದೆ ಯಾರ ಮುಖವಾದರೂ ಚೆಂದವೇ ಕಾಣುತ್ತದೆ. ಬೆಳಕು ನೇರ ಎದುರಿನಿಂದ ಬೀಳುವುದರಿಂದ ನೆರಳಿರುವುದಿಲ್ಲ, ಮೇಕಪ್ಪಿನ ಅಂಚೂ ಕಾಣುವುದಿಲ್ಲ. ಆ ಒಂದು ಫೋಟೊ ನೋಡಿ ಮದುವೆ ಮೇಕಪ್ಪಿಗೆ ಅಡ್ವಾನ್ಸ್ ಕೊಡಬೇಡಿ.

ಟ್ರಯಲ್ಲನ್ನು ಬೆಳಿಗ್ಗೆಯೇ ಇಟ್ಟುಕೊಳ್ಳಿ. ಫೋನಿನ ಬ್ಯೂಟಿ ಮೋಡ್ ಆಫ್ ಮಾಡಿ, ಹಿಂದಿನ ಕ್ಯಾಮೆರಾದ ಲೆನ್ಸ್ ಒರೆಸಿ. ಕೂದಲು ಹಿಂದಕ್ಕೆ ಕಟ್ಟಿ, ಕುತ್ತಿಗೆ ಪೂರ್ತಿ ಕಾಣುವಂತೆ ನಿಂತು, ಎದೆಯ ಹತ್ತಿರ ಒಂದು ಬಿಳಿ ಹಾಳೆ ಹಿಡಿಯಿರಿ. ಹಾಳೆಯೇ ಹಳದಿಯೋ ನೀಲಿಯೋ ಕಂಡರೆ ಫೋಟೊದಲ್ಲಿ ಬಣ್ಣ ಇದ್ದ ಹಾಗೆ ಬಂದಿಲ್ಲ ಎಂದರ್ಥ.

ಮೂರು ಫೋಟೊ ಸಾಕು. ಮೊದಲನೆಯದು ನೇರ ಬಿಸಿಲು ಬೀಳದ ಕಿಟಕಿ ಹತ್ತಿರ, ಎರಡನೆಯದು ಹಳದಿ ಬಲ್ಬಿನ ಕೆಳಗೆ, ಮೂರನೆಯದು ಮಬ್ಬು ಕೋಣೆಯಲ್ಲಿ ಫ್ಲಾಶ್ ಹಾಕಿ. ಈ ಫೋಟೊದ ಮುಖವನ್ನು ಆ ಫೋಟೊದ ಮುಖಕ್ಕೆ ಹೋಲಿಸಬೇಡಿ, ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ. ಒಂದೇ ಫೋಟೊದೊಳಗೆ ಮುಖವನ್ನು ಕುತ್ತಿಗೆಗೆ ಹೋಲಿಸಿ.

ಹುಬ್ಬಳ್ಳಿಯ ಗೋಧಿ ಬಣ್ಣದ ಹುಡುಗಿಯೊಬ್ಬಳಿಗೆ, "ಸ್ವಲ್ಪ ಬೆಳ್ಳಗೆ ಕಾಣ್ಲಿ" ಅಂತ ಮನೆಯವರು ಹೇಳಿದ್ದಕ್ಕೆ, ಗುಲಾಬಿ ಛಾಯೆಯ ತಿಳಿ ಫೌಂಡೇಶನ್ ಹಚ್ಚಿದ್ದಾರೆ ಅಂದುಕೊಳ್ಳಿ. ಹಳದಿ ಬಲ್ಬಿನಲ್ಲಿ ಏನೂ ಗೊತ್ತಾಗುವುದಿಲ್ಲ. ಕಿಟಕಿ ಹತ್ತಿರದ ಫೋಟೊದಲ್ಲಿ ದವಡೆಯ ಕೆಳಗೆ ಗೆರೆ ಎಳೆದಂತೆ ಕಾಣುತ್ತದೆ, ಮುಖ ಬೂದಿ ಬೂದಿ. ಆಗ ಮೂರು ಶೇಡ್‌ಗಳನ್ನು ದವಡೆಯಿಂದ ಕುತ್ತಿಗೆವರೆಗೆ ಪಟ್ಟಿಯಂತೆ ಹಚ್ಚಿಸಿ ನೋಡಿ. ಯಾವುದು ಚರ್ಮದಲ್ಲಿ ಕಾಣದಂತಾಗುತ್ತದೋ ಅದೇ ನಿಮ್ಮದು.

ಫ್ಲಾಶ್ ಫೋಟೊದಲ್ಲಿ ಮಾತ್ರ ಕಣ್ಣಿನ ಕೆಳಗಷ್ಟೇ ಬೆಳ್ಳಗಾದರೆ ಅದು ಶೇಡಿನ ತಪ್ಪಲ್ಲ. ಸಿಲಿಕಾ ಇರುವ ಪೌಡರ್ ಜಾಸ್ತಿಯಾಗಿರಬಹುದು. ಇಡೀ ಮುಖ ಬಿಳಿಚಿಕೊಂಡರೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್ ಇದೆಯಾ ಎಂದು ಕೇಳಿ.

ಇಷ್ಟಾದ ಮೇಲೆ ಮುಖ ತೊಳೆಯಬೇಡಿ. ಎಸಿ ಕೋಣೆಯಿಂದ ಹೊರಗೆ ಬಂದು ಓಡಾಡಿ, ಊಟ ಮಾಡಿ. ಒಂದು ಗಂಟೆ ಕಳೆದ ಮೇಲೆ ಒಮ್ಮೆ, ನಾಲ್ಕು ಗಂಟೆ ಕಳೆದ ಮೇಲೆ ಮತ್ತೊಮ್ಮೆ ಅದೇ ಕಿಟಕಿ ಹತ್ತಿರ ಫೋಟೊ ತೆಗೆಯಿರಿ. ಮುಖವೆಲ್ಲ ಒಂದೇ ಸಮ ಕಪ್ಪಿಟ್ಟು ಕುತ್ತಿಗೆಗಿಂತ ಕಿತ್ತಳೆಯಾಗಿ ಕಂಡರೆ ಫೌಂಡೇಶನ್ ಬಣ್ಣ ತಿರುಗಿದೆ. ಅದಕ್ಕೆ ಬೇರೆ ಫೌಂಡೇಶನ್ನೇ ಬೇಕು, ಪೌಡರ್ ಹೊಡೆದರೆ ಹೋಗುವುದಿಲ್ಲ. ಮೂಗಿನ ಪಕ್ಕ, ಮೇಲ್ತುಟಿಯ ಮೇಲೆ ತೇಪೆ ತೇಪೆಯಾಗಿ ಬಿಟ್ಟಿದ್ದರೆ ಅದು ಬೆವರು, ಜಿಡ್ಡಿನ ಕೆಲಸ. ಅಲ್ಲಿ ಪದರ ತೆಳ್ಳಗಿರಬೇಕು. ಬಾಸಿಂಗ ಕಟ್ಟುವವರಾದರೆ ಹಣೆಗೆ ಸ್ವಲ್ಪ ಹೊತ್ತು ದಾರ ಕಟ್ಟಿ ಬಿಚ್ಚಿ, ಗೆರೆ ಎಷ್ಟು ಉಳಿಯುತ್ತದೆ ನೋಡಿ.

ಇನ್ನೊಂದು ಮಾತು. ಟ್ರಯಲ್ ದಿನ ಮೈಗೆ ಅರಿಶಿಣ ಇರುವುದಿಲ್ಲ, ಮದುವೆ ದಿನ ಇರುತ್ತದೆ. ಅರಿಶಿಣ ಹಚ್ಚಿ ತೊಳೆದ ಮೇಲೆ, ಹೊತ್ತು ಮುಳುಗುವುದರೊಳಗೆ, ಮೇಕಪ್ ಇಲ್ಲದ ಒಂದು ಫೋಟೊ ಬಿಳಿ ಹಾಳೆ ಹಿಡಿದೇ ತೆಗೆದು ಮೇಕಪ್ ಮಾಡುವವರಿಗೆ ಕಳಿಸಿ. ಇನ್ನೂ ಹಳದಿ ಛಾಯೆಯ ಶೇಡ್ ತರಬೇಕಾ ಬೇಡವಾ ಅನ್ನುವುದನ್ನು ಅವರು ಹಿಂದಿನ ರಾತ್ರಿಯೇ ನೋಡಿಕೊಳ್ಳಬಹುದು.