ತುಳುವಿನ ಸನ್ಮಾನ ಪತ್ರದಲ್ಲಿ ‘ಈರ್’ ಉಳಿಸಿಕೊಂಡ ಬಗೆ

ಉಡುಪಿ ಸುತ್ತಮುತ್ತ ಸನ್ಮಾನ ಪತ್ರ ಬರೆದುಕೊಡುವ ಕೆಲಸಕ್ಕೆ ಹದಿನೈದು ವರ್ಷವಾಯಿತು. ನನ್ನ ಮನೆಮಾತು ತುಳು. ಆದರೂ ತುಳುವಿನಲ್ಲಿ ಪತ್ರ ಬರೆಯುತ್ತೇನೆಂದರೆ ಸಮಿತಿಯವರು, “ಅದರಲ್ಲಿ ಗೌರವ ಬರುವುದಿಲ್ಲ ಮಾರಾಯ್ರೆ, ಕನ್ನಡದಲ್ಲೇ ‘ತಾವು’ ಹಾಕಿ” ಎನ್ನುತ್ತಿದ್ದರು.

ಅವರ ಅನುಮಾನಕ್ಕೆ ನನ್ನ ಮೊದಲ ಪತ್ರವೇ ಕಾರಣ. ನಿವೃತ್ತರಾಗುತ್ತಿದ್ದ ಮುಖ್ಯೋಪಾಧ್ಯಾಯರೊಬ್ಬರಿಗೆ ಕನ್ನಡದಲ್ಲಿ ಬರೆದು ಆಮೇಲೆ ತುಳುವಿಗೆ ತಿರುಗಿಸಿದ್ದೆ. ‘ನೀವು’ ಇದ್ದಲ್ಲೆಲ್ಲ ‘ನಿಕುಲು’ ಎಂದು ಬಿತ್ತು. ಕನ್ನಡದ ‘ನೀವು’ ಒಬ್ಬ ಹಿರಿಯರಿಗೂ ಸಲ್ಲುತ್ತದೆ, ಹತ್ತು ಜನರಿಗೂ ಸಲ್ಲುತ್ತದೆ. ತುಳುವಿನಲ್ಲಿ ಹಾಗಲ್ಲ. ಸಲುಗೆಗೆ ‘ಈ’, ಒಬ್ಬ ಹಿರಿಯರಿಗೆ ‘ಈರ್’, ಹಲವರಿಗೆ ‘ನಿಕುಲು’. ಪತ್ರ ಓದುವಾಗ ಮೇಷ್ಟ್ರು ಪಕ್ಕದ ಕುರ್ಚಿಗಳತ್ತ ನೋಡಿದರು, ಕೃತಜ್ಞತೆ ಯಾರಿಗೆಲ್ಲ ಹಂಚಿಹೋಯಿತು ಎನ್ನುವಂತೆ. ಮರುಮುದ್ರಣ, ಹೊಸ ಚೌಕಟ್ಟು ಎಲ್ಲ ಸೇರಿ ಸುಮಾರು ಸಾವಿರದ ಎಂಟುನೂರು ರೂಪಾಯಿ ನನ್ನ ಕೈಯಿಂದ ಹೋಯಿತು.

ಎರಡನೆಯ ಸಲ ‘ಈರ್’ ಸರಿಯಾಗಿಯೇ ಇತ್ತು, ಕ್ರಿಯಾಪದ ಕೈಕೊಟ್ಟಿತು. ‘ಈರ್ ಕಲ್ಪಾಯರ್’ ಎಂದರೆ ನೀವು ಕಲಿಸಿದಿರಿ. ‘ಆರ್ ಕಲ್ಪಾಯೆರ್’ ಎಂದರೆ ಅವರು ಕಲಿಸಿದರು. ಅಕ್ಷರ ಜೋಡಿಸುವಾಗ ಯಕಾರಕ್ಕೆ ಒಂದು ಏತ್ವ ಹೆಚ್ಚು ಬಿದ್ದು, ಎದುರಿಗೆ ಕುಳಿತವರನ್ನು ಬಿಟ್ಟು ಬೇರೆ ಯಾರನ್ನೋ ಹೊಗಳಿದಂತಾಯಿತು. ಮುದ್ರಣಕ್ಕೆ ಮೊದಲೇ ಸಿಕ್ಕಿದ್ದರಿಂದ ದುಡ್ಡು ಉಳಿಯಿತು. ಅಂದಿನಿಂದ ಕರಡಿನಲ್ಲಿ ‘-ಅರ್’ ಕೊನೆಗಳಿಗೆಲ್ಲ ಕೆಂಪು ಶಾಯಿ ಹಾಕಿ, ಬೇರೆಯವರಿಂದ ಗಟ್ಟಿಯಾಗಿ ಓದಿಸುತ್ತೇನೆ. ಕಣ್ಣು ಬಿಟ್ಟದ್ದನ್ನು ಕಿವಿ ಹಿಡಿಯುತ್ತದೆ.

ಈ ನಡುವೆ ಮನೆಯಲ್ಲೊಂದು ಪ್ರಯೋಗ ಮಾಡಿದೆ. ನನ್ನಮ್ಮನಿಗೆ ಹುಟ್ಟಿದಂದಿನಿಂದ ‘ಈ’ ಎಂದೇ ಹೇಳಿದವನು. ಆಸ್ಪತ್ರೆಯಲ್ಲಿ ನನ್ನ ಜೊತೆ ಹತ್ತು ದಿನ ನಿಂತದ್ದಕ್ಕೆ ‘ಈರೆಗ್ ಸೊಲ್ಮೆಲು’, ಅಂದರೆ ನಿಮಗೆ ವಂದನೆಗಳು, ಎಂದೆ. ಅಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, “ಏನು, ಸಿಟ್ಟೇ?” ಎಂದು ಕೇಳಿದರು. ಸಲುಗೆಯಲ್ಲಿ ಬೆಳೆದ ಸಂಬಂಧಕ್ಕೆ ‘ಈರ್’ ತಂದರೆ ಗೌರವ ಏರುವುದಿಲ್ಲ, ದೂರ ಏರುತ್ತದೆ. ಹಾಗಾಗಿ ಈಗ ಬರೆಯುವ ಮೊದಲು ಸಮಿತಿಯವರಲ್ಲಿ ಒಂದೇ ಪ್ರಶ್ನೆ: ಸನ್ಮಾನ ಪಡೆಯುವವರ ಮನೆಯ ಚಾವಡಿಗೆ ಹೋದಾಗ ನೀವು ಏನೆಂದು ಮಾತನಾಡಿಸುತ್ತೀರಿ? ಉತ್ತರ ಬಂದದ್ದೇ ಪತ್ರದ ಸರ್ವನಾಮ.

ಕಳೆದ ವರ್ಷ ಕಾಪು ಕಡೆಯ ಟೀಚರೊಬ್ಬರಿಗೆ ನೇರವಾಗಿ ತುಳುವಿನಲ್ಲೇ ಯೋಚಿಸಿ ಬರೆದೆ. ‘ಈರ್ ಕಲ್ಪಾಯರ್, ಈರೆಗ್ ಉಡಲ್ ದಿಂಜಿ ಸೊಲ್ಮೆಲು’, ಅಂದರೆ ನೀವು ಕಲಿಸಿದಿರಿ, ನಿಮಗೆ ಒಡಲು ತುಂಬಿದ ವಂದನೆಗಳು, ಎಂಬ ಸಾಲು ಬಂದಾಗ ಅವರು ಎದ್ದು ನಿಂತು ಕೈಮುಗಿದರು. ಅಲ್ಲಿಯ ತನಕ ಬೇಡವೆನ್ನುತ್ತಿದ್ದ ಸಮಿತಿಯ ಅಧ್ಯಕ್ಷರೇ ಮರುದಿನ ಫೋನು ಮಾಡಿ ಇನ್ನೆರಡು ಪತ್ರ ಹೇಳಿದರು. ಆ ಸಾಲಿನ ಹಿಂದಿನ ವಾಕ್ಯವನ್ನು ಹೇಗೆ ಕಟ್ಟಿದೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು.