ಮೂರು ಚಿಲ್ಲರೆ ನಿಮಿಷದ ಬೀಳ್ಕೊಡುಗೆ ಮಾತು: ನನ್ನ ಅನುಭವ

ಮೇ 31ಕ್ಕೆ ನಾನು ನಿವೃತ್ತನಾದೆ. ಶಿವಮೊಗ್ಗದ ಒಂದು ಜಿಲ್ಲಾ ಕಚೇರಿಯಲ್ಲಿ ಅಧೀಕ್ಷಕ, ಒಟ್ಟು ಸರ್ವಿಸ್ ಮೂವತ್ನಾಲ್ಕು ವರ್ಷದ ಹತ್ತಿರ. ಬೀಳ್ಕೊಡುಗೆಯಲ್ಲಿ ನಾನು ಮಾತಾಡಿದ್ದು ಮೂರು ಚಿಲ್ಲರೆ ನಿಮಿಷ. ಹೀಗೆ ಮಾಡುತ್ತೇನೆ ಅಂದಾಗ ಯಾರೂ ಒಪ್ಪಿರಲಿಲ್ಲ. "ಇಷ್ಟು ವರ್ಷ ಇದ್ದು ಮೂರು ನಿಮಿಷ ಮಾತಾಡಿದರೆ ಸಿಟ್ಟು ಮಾಡ್ಕೊಂಡು ಹೋದ ಅಂತಾರೆ ಮಾರಾಯ" ಎಂದು ನೌಕರರ ಸಂಘದ ಗೆಳೆಯರೇ ಹೇಳಿದ್ದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಬರೀ ಚಿಕ್ಕದಾಗಿ ಮಾತಾಡಿದರೆ ಸಿಟ್ಟಿನಂತೆಯೇ ಕೇಳಿಸುತ್ತದೆ. ಹಾಗೆ ಕೇಳಿಸದಂತೆ ಮಾಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದರಲ್ಲಿ ನಾನು ಹೊಸಬನಲ್ಲ. ಹದಿನೈದು ವರ್ಷದಿಂದ ನಮ್ಮ ಕಚೇರಿಯ ಹೆಚ್ಚುಕಡಿಮೆ ಎಲ್ಲ ಸೆಂಡ್-ಆಫ್‌ಗಳಿಗೂ ಸನ್ಮಾನ ಪತ್ರ ಬರೆದವನು ನಾನೇ. ನಿವೃತ್ತರಾಗುವವರ ಮಾತನ್ನೂ ಎಷ್ಟೋ ಸಲ ನಾನೇ ಬರೆದುಕೊಟ್ಟಿದ್ದೇನೆ. ಹಾಗಾಗಿ ಎಲ್ಲಿ ಕೆಡುತ್ತದೆ ಎನ್ನುವುದನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿದ್ದೇನೆ. ಒಬ್ಬರು ಕೆಲಸ ಮಾಡಿದ ಎಲ್ಲ ತಾಲ್ಲೂಕು, ಎಲ್ಲ ಅಧಿಕಾರಿಗಳ ಹೆಸರನ್ನು ಕ್ರಮವಾಗಿ ಹೇಳಿದರು. ಇಪ್ಪತ್ತೈದು ನಿಮಿಷವಾಯಿತು. ಎಲ್ಲ ಸಾಹೇಬರ ಹೆಸರೂ ಬಂತು, ಹನ್ನೊಂದು ವರ್ಷ ಅವರಿಗೆ ಟೀ ತಂದುಕೊಟ್ಟ ಅಟೆಂಡರ್ ಹೆಸರು ಬಿಟ್ಟುಹೋಯಿತು. ಆ ಅಟೆಂಡರ್ ಊಟಕ್ಕೆ ಕೂರಲಿಲ್ಲ. ಇನ್ನೊಬ್ಬರು ಬಹಳ ಸಜ್ಜನ. "ಯಾರು ಎಷ್ಟೇ ತೊಂದರೆ ಕೊಟ್ಟರೂ ನಾನು ಯಾರನ್ನೂ ದೂರುವುದಿಲ್ಲ" ಅಂದರು. ಸಭೆಯಲ್ಲಿದ್ದ ನೂರು ಜನವೂ ಆ ತೊಂದರೆ ಕೊಟ್ಟವರು ಯಾರೆಂದು ತಿರುಗಿ ನೋಡಿದರು.

ಆ ಎರಡನೆಯದೇ ನನಗೆ ಮುಖ್ಯ ಪಾಠ. ದೂರು ಹೇಳುತ್ತೇನೆಂದು ಯಾರೂ ಮೈಕ್ ಹಿಡಿಯುವುದಿಲ್ಲ, ಅದು ವಂದನೆಯ ವಾಕ್ಯದೊಳಗೇ ನುಸುಳಿ ಬರುತ್ತದೆ. ನನ್ನ ಮೊದಲ ಕರಡಿನಲ್ಲಿ "ಬಡ್ತಿ ತಡವಾದರೂ ಕೆಲಸದಲ್ಲಿ ಹಿಂದೆ ಬೀಳಲಿಲ್ಲ" ಎಂದಿತ್ತು. ಕೇಳಿದವರಿಗೆ ಉಳಿಯುವುದು ಬಡ್ತಿ ತಡವಾದ ಸುದ್ದಿ ಮಾತ್ರ. "ನಮ್ಮ ಕಾಲದಲ್ಲಿ ಕಂಪ್ಯೂಟರ್ ಇಲ್ಲದೆ ಬಜೆಟ್ ಮಾಡುತ್ತಿದ್ದೆವು" ಎಂದೂ ಇತ್ತು. ಅದು ಇವತ್ತಿನ ಹುಡುಗರ ಮೇಲಿನ ದೂರು. "ಇನ್ನಾದರೂ ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ" ಎಂದರೆ ಇಷ್ಟು ವರ್ಷ ನಿದ್ದೆ ಕೆಡಿಸಿದವರು ಎದುರಿಗೇ ಕೂತಿರುತ್ತಾರೆ. ಹೀಗೆ ಮೊದಲರ್ಧದಲ್ಲಿ ಕಷ್ಟ, ಎರಡನೆಯರ್ಧದಲ್ಲಿ ನನ್ನ ದೊಡ್ಡತನ ಇರುವ ವಾಕ್ಯಗಳನ್ನೆಲ್ಲ ಹೊಡೆದುಹಾಕಿದೆ. ಏಳು ನಿಮಿಷದ ಕರಡು ಐದಕ್ಕೆ ಇಳಿಯಿತು.

ತೆಗೆಯಲು ತುಂಬ ಯೋಚಿಸಿದ್ದು ಪಿಂಚಣಿಯ ವಾಕ್ಯ. "ಸರ್ಕಾರ ಸಂಬಳ ಕೊಟ್ಟು ಸಾಕಿದೆ, ಇನ್ನು ಪಿಂಚಣಿ ಕೊಟ್ಟು ಸಾಕುತ್ತದೆ, ಋಣಿ" ಎಂದು ಬರೆದಿದ್ದೆ. ಕೃತಜ್ಞತೆಯ ಮಾತೇ ಅದು, ನನಗೆ ಇಷ್ಟವೂ ಆಗಿತ್ತು. ಆದರೆ ನಮ್ಮಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಲ್ಲಿ ಹೆಚ್ಚಿನವರು ಎನ್‌ಪಿಎಸ್, ಹಳೆ ಪಿಂಚಣಿ ಇಲ್ಲ. ಸಭೆಯಲ್ಲಿ ಮುಕ್ಕಾಲುಪಾಲು ಅವರೇ, ಹಳೆ ಪಿಂಚಣಿಗಾಗಿ ಮುಷ್ಕರ ಮಾಡಿದವರು. ಅವರೆದುರು ನಿಂತು ನನ್ನ ಪಿಂಚಣಿಗೆ ಧನ್ಯವಾದ ಹೇಳುವುದು ಸರಿಯಲ್ಲ. ದುಡ್ಡಿನ ಮಾತೇ ಬೇಡವೆಂದು ಗಳಿಕೆ ರಜೆ ನಗದೀಕರಣ, ಗ್ರಾಚ್ಯುಟಿ ಯಾವುದರ ಸುದ್ದಿಯನ್ನೂ ಎತ್ತಲಿಲ್ಲ.

ದುಡ್ಡಿನ ವಿಷಯ ಬಂತು, ಹೇಳಿಬಿಡುತ್ತೇನೆ. ನನ್ನ ಒಂದು ವೇತನ ನಿಗದಿ ತಪ್ಪಾಗಿತ್ತೆಂದು ಕೊನೆಯ ವರ್ಷದಲ್ಲಿ ಸುಮಾರು ನಲವತ್ತು ಸಾವಿರ ವಸೂಲಿಗೆ ಆದೇಶವಾಗಿತ್ತು. ಆ ನಿಗದಿ ಮಾಡಿದ್ದು ನಾನಲ್ಲ, ಕಚೇರಿ. ಅದನ್ನು ಸಭೆಯಲ್ಲಿ ಹೇಳಬೇಕೆಂದು ಬಾಯಿತುದಿಗೆ ಬಂದಿತ್ತು. ಅದರ ಬದಲು ಮೇ ಮೂರನೇ ವಾರದಲ್ಲೇ ಎರಡು ಪುಟದ ಮನವಿ ಬರೆದು, ಸೇವಾ ಪುಸ್ತಕದ ಪುಟಗಳ ನಕಲು ಲಗತ್ತಿಸಿ, ಇನ್‌ವರ್ಡ್ ಮಾಡಿಸಿ, ಸ್ವೀಕೃತಿ ತೆಗೆದುಕೊಂಡೆ. ಇದನ್ನು ಎಲ್ಲರೂ ಮಾಡಲೇಬೇಕು ಎನ್ನುತ್ತೇನೆ. ಸಂಕಟ ಕಾಗದದ ಮೇಲೆ ಇಳಿದು ನಂಬರ್ ಪಡೆದ ಮೇಲೆ ಅದು ಭಾಷಣದೊಳಗೆ ನುಗ್ಗಲು ನೋಡುವುದಿಲ್ಲ. ಅವತ್ತು ರಾತ್ರಿಯೇ ಕರಡಿನಿಂದ ಇನ್ನೂ ನಾಲ್ಕು ಸಾಲು ತಾನಾಗಿಯೇ ಉದುರಿತು.

ಆಮೇಲೆ ಮಾಡಿದ್ದು ನನ್ನದೇ ಉಪಾಯ, ಬೇರೆ ಯಾರೂ ಮಾಡಿದ್ದು ಕೇಳಿಲ್ಲ. ಎರಡು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡದಿದ್ದ ವಿಷಯ ನಿರ್ವಾಹಕರೊಬ್ಬರಿದ್ದರು. ಕರಡನ್ನು ಅವರ ಎದುರು ಕೂತು ಓದಿದೆ. ನಮ್ಮನ್ನು ಪ್ರೀತಿಸುವವರಿಗೆ ನಮ್ಮ ಕೊಂಕು ಕೇಳಿಸುವುದೇ ಇಲ್ಲ, ಇವರಿಗೆ ಕೇಳಿಸುತ್ತದೆ. ಅವರು ಎರಡು ಕಡೆ ಕೈ ಎತ್ತಿದರು. "ಸರ್, 'ಕೆಲವರು' ಅಂದ್ರೆ ನಾನೇ ಅಂದುಕೊಳ್ತೀನಿ" ಎಂದರು. ಎರಡೂ ಕಡೆ ತೆಗೆದೆ. ಮುಗಿದ ಮೇಲೆ ಅವರೇ ಟೀ ತರಿಸಿದರು.

ಚಿಕ್ಕ ಮಾತು ಸಿಟ್ಟಿನಂತೆ ಕೇಳದಿರಲು ಏನು ಮಾಡಬೇಕು? ಹೆಸರುಗಳ ಪಟ್ಟಿ ಬಿಡಬೇಕು, ಒಬ್ಬೊಬ್ಬರಿಗೂ ಅವರು ಮಾತ್ರ ಮಾಡಿದ ಒಂದು ಕೆಲಸ ಹೇಳಬೇಕು. "ಸಹಕಾರ ಕೊಟ್ಟರು" ಎಂದರೆ ಯಾರಿಗೂ ತಟ್ಟುವುದಿಲ್ಲ. ಕ್ರಮವನ್ನೂ ತಿರುಗಿಸಿದೆ. ಮೊದಲು ಡಿ ಗ್ರೂಪ್, ಆಮೇಲೆ ಚಾಲಕರು, ಗುಮಾಸ್ತರು, ಕೊನೆಗೆ ಸಾಹೇಬರು. ಇದಕ್ಕೂ ಆಕ್ಷೇಪ ಬಂತು. ಸಾಹೇಬರಿಗೆ ಮೊದಲೇ ತಿಳಿಸಿದ್ದೆ, ಅವರು "ಹಾಗೇ ಮಾಡಿ" ಎಂದರು. ಹೆಸರು ತೆಗೆದು ಮಾತಿನ ಆಯ್ದ ಭಾಗ ಇಲ್ಲಿ ಕೊಡುತ್ತೇನೆ:

"ಎಲ್ಲರಿಗೂ ನಮಸ್ಕಾರ. ಮೂರು ವರ್ಷದ ಹಿಂದೆ ಮಳೆಗೆ ರೆಕಾರ್ಡ್ ರೂಮಿಗೆ ನೀರು ನುಗ್ಗಿದ ರಾತ್ರಿ, ಯಾರೂ ಕರೆಯದೆ ಬಂದು ಕೆಳಗಿನ ರ‍್ಯಾಕಿನ ಕಡತಗಳನ್ನೆಲ್ಲ ಮೇಲಕ್ಕೆ ಎತ್ತಿಟ್ಟವರು ನಮ್ಮ ಅಟೆಂಡರ್. ಬೆಳಿಗ್ಗೆ ನಾನು ಬಂದಾಗ ನೆಲ ಒದ್ದೆ ಇತ್ತು, ಒಂದು ಕಡತವೂ ಒದ್ದೆ ಇರಲಿಲ್ಲ. ಆಗುಂಬೆ ಘಾಟಿಯಲ್ಲಿ ಮಂಜು ಕವಿದಾಗ ಜೀಪ್ ನಿಲ್ಲಿಸಿ, 'ಸರ್, ಸಭೆ ತಡವಾದರೆ ಆಗಲಿ' ಅಂದ ನಮ್ಮ ಡ್ರೈವರ್‌ನಿಂದ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ಹೊಸದಾಗಿ ಬಂದ ಎಸ್‌ಡಿಎ ಮಕ್ಕಳು ನನಗೆ ಇ-ಆಫೀಸ್ ಕಲಿಸಿದರು, ಒಂದೇ ಪ್ರಶ್ನೆ ಹತ್ತು ಸಲ ಕೇಳಿದಾಗಲೂ ಹತ್ತನೇ ಸಲ ಮೊದಲಿನಷ್ಟೇ ತಾಳ್ಮೆಯಿಂದ ಹೇಳಿದರು. ನಾನು ಸೇರಿದ ಹೊಸತರಲ್ಲಿ ಸಾಗರದ ಕಚೇರಿಯ ಹಿರಿಯರೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ಟಿಪ್ಪಣಿ ಬರೆಯುವುದು ಹೇಳಿಕೊಟ್ಟರು. ಇವತ್ತಿನವರೆಗೆ ನಾನು ಬರೆದ ಟಿಪ್ಪಣಿಯಲ್ಲೆಲ್ಲ ಅವರಿದ್ದಾರೆ. ಸಾಹೇಬರು ಈ ಕೊನೆಯ ತಿಂಗಳು ನನ್ನ ಪಿಂಚಣಿ ಕಡತವನ್ನು ತಮ್ಮ ಮೇಜಿನ ಮೇಲೆ ಒಂದು ರಾತ್ರಿಯೂ ಉಳಿಸಲಿಲ್ಲ. ಮಾರ್ಚ್ ಕೊನೆಯ ವಾರಗಳಲ್ಲಿ ಖಜಾನೆ ಬಿಲ್ಲು ಮುಗಿಸಿ ಬರುವವರೆಗೆ ಊಟ ಮಾಡದೆ ಕಾದ ನನ್ನ ಮನೆಯವರು ಎದುರಿಗೇ ಇದ್ದಾರೆ, ಅವರಿಗೂ ನನ್ನ ನಮಸ್ಕಾರ."

ಇದಾದ ಮೇಲೆ ಎರಡು ವಾಕ್ಯವಿತ್ತು. ಕೊನೆಯದು ಚಾರ್ಜ್ ವಹಿಸಿಕೊಂಡವರ ಬಗ್ಗೆ. ಆ ಸಾಲನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಪ್ರತಿಯೊಬ್ಬರೂ ತಮ್ಮ ಮೇಜನ್ನು ನೋಡಿಕೊಂಡೇ ಬರೆಯಬೇಕು. ಪಿಂಚಣಿ ಎನ್ನುವ ಪದ ಸಾಹೇಬರ ಸಾಲಿನಲ್ಲಿ ಬಂದಿದೆಯಲ್ಲ ಎಂದು ಕೇಳಬಹುದು. ಅಲ್ಲಿ ಅದು ಕಡತದ ಹೆಸರು ಮಾತ್ರ, ಹೊಗಳಿದ್ದು ಅವರ ವೇಗವನ್ನು.

ಉದ್ದದ ಲೆಕ್ಕ: ಮನೆಯಲ್ಲಿ ಮೊಬೈಲಿಗೆ ರೆಕಾರ್ಡ್ ಮಾಡಿ ನೋಡಿದಾಗ ನಿಮಿಷಕ್ಕೆ ನೂರು ಪದದ ಹತ್ತಿರ ಹೋಗುತ್ತಿತ್ತು. ಸಭೆಯಲ್ಲಿ ಅಷ್ಟು ಓಡುವುದಿಲ್ಲ. ಚಪ್ಪಾಳೆ, ಗಂಟಲು ಕಟ್ಟುವುದು ಎಲ್ಲ ಸೇರಿ ಎಪ್ಪತ್ತೈದು, ಎಂಬತ್ತು ಅಂತ ಇಟ್ಟುಕೊಳ್ಳಿ. ಐದು ನಿಮಿಷ ಎಂದು ಬರೆದವರು ಏಳು ನಿಮಿಷ ಮಾತಾಡುವುದು ಇದಕ್ಕೇ. ಮೊದಲು ವಚನದಿಂದ ಶುರು ಮಾಡಿಯೂ ನೋಡಿದೆ. ಚೆನ್ನಾಗಿಯೇ ಇತ್ತು, ಆದರೆ ಮುಕ್ಕಾಲು ನಿಮಿಷ ತಿಂದಿತು, ಜೊತೆಗೆ ಹಿಂದೆ ಮಾತಾಡಿದವರು ಅದನ್ನೇ ಹೇಳಿಬಿಟ್ಟರೆ ನಮಗೆ ದಾರಿಯಿಲ್ಲ. ಬಿಟ್ಟೆ.

ಕಾಗದ ಹಿಡಿಯುವುದು ಸಣ್ಣ ವಿಷಯ ಅನ್ನಬೇಡಿ. ಸನ್ಮಾನವಾದ ತಕ್ಷಣ ಮೈಕ್ ಕೊಡುತ್ತಾರೆ. ಆಗ ತಲೆ ಮೇಲೆ ಪೇಟ, ಹೆಗಲ ಮೇಲೆ ಶಾಲು, ಕೊರಳಲ್ಲಿ ನೀರು ತೊಟ್ಟಿಕ್ಕುವ ಹಾರ, ಎರಡೂ ಕೈಯಲ್ಲಿ ಹಣ್ಣಿನ ಬುಟ್ಟಿ. ಭಾಷಣ ಅಂಗಿಯ ಜೇಬಿನಲ್ಲಿ, ಜೇಬು ಶಾಲಿನ ಕೆಳಗೆ. ಹಾರದ ನೀರು ಬಿದ್ದು ಇಂಕ್ ಹರಡಿದ ಕಾಗದ ಹಿಡಿದು ತಡವರಿಸಿದವರನ್ನು ಕಂಡಿದ್ದೇನೆ. ನಾನು ಹಳೆ ಕಡತದ ರಟ್ಟನ್ನು ಅಂಗೈಯಗಲ ಕತ್ತರಿಸಿ, ಒಬ್ಬೊಬ್ಬರಿಗೆ ಒಂದು ಸಾಲಿನ ಗುರುತು ಮಾತ್ರ, ಪೆನ್ಸಿಲ್‌ನಲ್ಲಿ ದಪ್ಪಕ್ಕೆ ಬರೆದೆ. ರಟ್ಟು ಫ್ಯಾನಿನ ಗಾಳಿಗೆ ಹಾರುವುದಿಲ್ಲ, ಕೈ ನಡುಗಿದರೂ ಸದ್ದು ಮಾಡುವುದಿಲ್ಲ. ಅದನ್ನು ನಿರೂಪಣೆ ಮಾಡುತ್ತಿದ್ದ ಮೇಡಂ ಹತ್ತಿರ ಕೊಟ್ಟಿದ್ದೆ. ಅವರು ಬುಟ್ಟಿ ಇಸಿದುಕೊಂಡು ರಟ್ಟು ಕೊಟ್ಟರು.

ಮೈಕಿಗೆ ಕೈಯಿಂದ ಖರ್ಚು ಮಾಡಿದೆ. ಕಚೇರಿಯ ಸೆಟ್ ಕಿರ‍್ರೆನ್ನುತ್ತದೆ, ಹಿಂದಿನ ಸಾಲಿಗೆ ಕೇಳುವುದಿಲ್ಲ, ನಾನು ಮೊದಲು ನೆನೆಸಬೇಕಾದವರು ಕೂರುವುದು ಅದೇ ಸಾಲಿನಲ್ಲಿ. ಹೊರಗಿನಿಂದ ತರಿಸಿದ್ದಕ್ಕೆ ಸಾವಿರದ ಐನೂರೋ ಎಂಟುನೂರೋ ಆಯಿತು. "ವೇಸ್ಟ್" ಎಂದರು ಗೆಳೆಯರು. ಹೋಳಿಗೆ ಊಟಕ್ಕೆ ನೂರಿಪ್ಪತ್ತು ಜನಕ್ಕೆ ಹತ್ತಿರ ಹತ್ತಿರ ಇಪ್ಪತ್ತೈದು ಸಾವಿರ, ಮೂವರು ಹಂಚಿಕೊಂಡೆವು. ಅದರ ಮುಂದೆ ಮೈಕಿನ ದುಡ್ಡು ಲೆಕ್ಕಕ್ಕೇ ಇಲ್ಲ.

ಮೂವರು ಅಂದೆನಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದ ತಲೆಮಾರು ನಮ್ಮದು, ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗುವುದರಿಂದ ಮೇ 31ಕ್ಕೆ ಎಲ್ಲ ಕಚೇರಿಯಲ್ಲೂ ಸಾಲು ಸಾಲು ಸೆಂಡ್-ಆಫ್. ಒಂದೇ ದಿನ ಮೂವರಿದ್ದರೆ ಚಿಕ್ಕ ಮಾತು ಉಳಿದಿಬ್ಬರಿಗೆ ಕೊಡುವ ಮರ್ಯಾದೆಯೂ ಹೌದು. ನಾನು ಕೇಳಿಕೊಂಡು ಮೊದಲು ಮಾತಾಡಿದೆ. ನನ್ನ ನಂತರದವರು ಇಪ್ಪತ್ತು ನಿಮಿಷಕ್ಕೆ ಬರೆದುಕೊಂಡು ಬಂದಿದ್ದರು, ಕಾಗದ ಮಡಚಿಟ್ಟು ಆರು ನಿಮಿಷ ಮಾತಾಡಿದರು, ಬಹಳ ಚೆನ್ನಾಗಿ ಮಾತಾಡಿದರು. ಒಂದು ಗಂಟೆಗೆ ಎಲೆ ಹಾಕಿದರು, ಹೋಳಿಗೆ ಬಿಸಿಯಿತ್ತು.

ಗಂಟಲು ಕಟ್ಟುವ ಸಾಲು ಯಾವುದೆಂದು ಮೊದಲೇ ಗೊತ್ತಿರುತ್ತದೆ. ನನಗೆ ಅದು ಮನೆಯವರ ಸಾಲು. ಅಲ್ಲಿ ನಿಲ್ಲದೆ ದಾಟಲು ಒಂದು ಉಪಾಯ ಮಾಡಿದ್ದೆ, ಅದನ್ನು ಎದುರು ಸಿಕ್ಕವರಿಗೆ ಹೇಳುತ್ತೇನೆ. ಜೂನ್ ಕೊನೆಗೆ ನಿವೃತ್ತರಾದ ಪಕ್ಕದ ಕಚೇರಿಯ ಮ್ಯಾನೇಜರ್‌ಗೆ ಹೇಳಿಕೊಟ್ಟೆ. ಅವರ ಕರಡು ಹನ್ನೊಂದು ನಿಮಿಷವಿತ್ತು. ಇಬ್ಬರೂ ಕೂತು ನಾಲ್ಕಕ್ಕೆ ಇಳಿಸಿದೆವು, ಆಡಿಟ್ ಪ್ಯಾರಾದ ಸಂಕಟವನ್ನು ಅವರೂ ಮನವಿ ಮಾಡಿ ಇನ್‌ವರ್ಡ್ ಮಾಡಿಸಿದರು. ಅವರ ರಟ್ಟನ್ನೂ ಕತ್ತರಿಸಿಕೊಟ್ಟಿದ್ದು ನಾನೇ.